ನಾಲ್ವರ ಸಹಿ, ಒಬ್ಬನ ಪತ್ರ

1941ರ ಅಕ್ಟೋಬರ್ 21ರಂದು ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ನಾಲ್ವರು ಸೇರಿ ಒಂದು ಪತ್ರ ಬರೆದರು. ಜರ್ಮನಿಯ ಎನಿಗ್ಮಾ ಗುಪ್ತಲಿಪಿಯನ್ನು ಒಡೆಯುತ್ತಿದ್ದ ಗುಟ್ಟಿನ ನೆಲೆ ಅದು. ಗುಮಾಸ್ತರು ಸಾಲುತ್ತಿಲ್ಲ, ಯಂತ್ರ ನಡೆಸುವವರು ಸಾಲುತ್ತಿಲ್ಲ ಎಂದು ಪ್ರಧಾನಿ ಚರ್ಚಿಲ್‌ಗೇ ನೇರವಾಗಿ ಹೇಳಿಕೊಂಡಿದ್ದರು. ಕೆಳಗೆ ಅಲನ್ ಟ್ಯೂರಿಂಗ್, ಗಾರ್ಡನ್ ವೆಲ್ಚ್‌ಮನ್, ಹ್ಯೂ ಅಲೆಕ್ಸಾಂಡರ್, ಸ್ಟುವರ್ಟ್ ಮಿಲ್ನರ್-ಬ್ಯಾರಿ ಸಹಿ ಹಾಕಿದ್ದರು. ಮಿಲ್ನರ್-ಬ್ಯಾರಿ ಅದನ್ನು ತಾನೇ ಲಂಡನ್ನಿಗೆ ಒಯ್ದು ಮುಟ್ಟಿಸಿದ. ಇವರು ಕೇಳಿದ್ದನ್ನೆಲ್ಲ ಕೊಡಿ ಎಂದು ಚರ್ಚಿಲ್ ಆದೇಶಿಸಿದ.

ಟ್ಯೂರಿಂಗ್ ಬದುಕನ್ನು ಹೇಳುವ ‘ದಿ ಇಮಿಟೇಶನ್ ಗೇಮ್’ (2014) ಚಿತ್ರದಲ್ಲೂ ಈ ಪತ್ರವಿದೆ. ಆದರೆ ಅಲ್ಲಿ ಬರೆಯುವವನು ಟ್ಯೂರಿಂಗ್ ಒಬ್ಬನೇ. ತಂಡದ ಮುಖ್ಯಸ್ಥ ಅಲೆಕ್ಸಾಂಡರ್ ಅವನಿಗೆ ಅಡ್ಡಗಾಲು. ಚರ್ಚಿಲ್‌ನ ಉತ್ತರ ಬಂದೊಡನೆ ಅಲೆಕ್ಸಾಂಡರ್ ಕೆಳಗಿಳಿಯುತ್ತಾನೆ, ಟ್ಯೂರಿಂಗ್ ಮೇಲೇರುತ್ತಾನೆ. ಅಂದರೆ ಪಕ್ಕದಲ್ಲಿ ನಿಂತು ಸಹಿ ಹಾಕಿದವನೇ ಎದುರಾಳಿಯಾಗಿಬಿಟ್ಟ!

ಹೀಗೇಕೆ ಆಗುತ್ತದೆ ಎಂಬುದು ಚಿತ್ರಕಥೆ ಬರೆಯುವವರಿಗೆ ಗೊತ್ತು. ಸಿಬ್ಬಂದಿಯ ಕೊರತೆಗೆ ಮುಖವಿಲ್ಲ. ಪರದೆಯ ಮೇಲೆ ಅದು ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ, ದನಿಯೆತ್ತಿ ಜಗಳವಾಡುವುದಿಲ್ಲ. ಹಾಗಾಗಿ ಕೊರತೆಯ ಜಾಗದಲ್ಲಿ ಒಬ್ಬ ಮನುಷ್ಯನನ್ನು ತಂದು ನಿಲ್ಲಿಸುತ್ತಾರೆ. ಇಲ್ಲಿ ಉಳಿಸಿದ ಸಮಯವೂ ಅಷ್ಟಕ್ಕಷ್ಟೆ. ಒಂದೇ ಕಾಗದಕ್ಕೆ ನಾಲ್ವರು ಸಹಿ ಹಾಕುವುದನ್ನು ತೋರಿಸಲು ಎಷ್ಟು ಹೊತ್ತು ಬೇಕು?

41 ವರ್ಷದ ಬದುಕನ್ನು ಎರಡು ಗಂಟೆಯೊಳಗೆ ತರಬೇಕಾದರೆ ಬಿಡುವುದು, ಕೂಡಿಸುವುದು ಅನಿವಾರ್ಯ. ಅದರಲ್ಲಿ ಎಲ್ಲವೂ ತಪ್ಪಲ್ಲ. ಎನಿಗ್ಮಾ ಸಂದೇಶಗಳ ಕೀಲಿ ಹುಡುಕುತ್ತಿದ್ದ ‘ಬಾಂಬ್’ ಎಂಬ ಯಂತ್ರವನ್ನೇ ನೋಡಿ. ಅದಕ್ಕೆ ಮೊದಲ ದಾರಿ ತೋರಿದವರು ಪೋಲೆಂಡಿನ ಗಣಿತಜ್ಞರು. ಟ್ಯೂರಿಂಗ್ ಹೊಸ ವಿನ್ಯಾಸ ಕೊಟ್ಟ, ವೆಲ್ಚ್‌ಮನ್ ಅದನ್ನು ಬಹಳ ಚುರುಕುಗೊಳಿಸಿದ. 1940ರಲ್ಲಿ ಬಂದ ಮೊದಲ ಯಂತ್ರದ ಹೆಸರು ‘ವಿಕ್ಟರಿ’. ಯುದ್ಧ ಮುಗಿಯುವ ಹೊತ್ತಿಗೆ ಇಂಥವು 200ಕ್ಕೂ ಹೆಚ್ಚಿದ್ದವು. ಚಿತ್ರದಲ್ಲಿರುವುದು ಒಂದೇ ಯಂತ್ರ. ಇನ್ನೂರರ ಪರವಾಗಿ ಒಂದು ನಿಂತರೆ ಯಾರಿಗೂ ಅನ್ಯಾಯವಿಲ್ಲ. ಆದರೆ ವೆಲ್ಚ್‌ಮನ್ ಕಾಣೆಯಾಗಿದ್ದು ನನಗೆ ನೋವು ತರುತ್ತದೆ. ಕೆಲಸ ಅವನದು, ಹೆಸರಿಲ್ಲದೆ ಹೋಯಿತು.

ಇದಕ್ಕಿಂತ ಗಂಭೀರವಾದದ್ದು ಜಾನ್ ಕೇರ್ನ್‌ಕ್ರಾಸ್‌ನ ಪ್ರಸಂಗ. ಸೋವಿಯತ್ತಿಗೆ ಗುಟ್ಟು ಸಾಗಿಸುತ್ತಿದ್ದ ಈತ ಬ್ಲೆಚ್ಲಿಯಲ್ಲಿ ಕೆಲಸ ಮಾಡಿದ್ದು ನಿಜ. ಚಿತ್ರ ಅವನನ್ನು ಟ್ಯೂರಿಂಗ್ ತಂಡದೊಳಗೇ ಕೂರಿಸಿದೆ. ನೀನು ಸಲಿಂಗಿ ಎಂದು ಬಯಲು ಮಾಡುತ್ತೇನೆ ಎಂದು ಅವನು ಬೆದರಿಸಿದಾಗ, ಗೂಢಚಾರನೆಂದು ತಿಳಿದೂ ಟ್ಯೂರಿಂಗ್ ಬಾಯಿ ಮುಚ್ಚಿಕೊಳ್ಳುತ್ತಾನೆ. ವಾಸ್ತವದಲ್ಲಿ ಇಬ್ಬರೂ ಬೇರೆ ಬೇರೆ ವಿಭಾಗದವರು, ಪರಿಚಯವಿತ್ತೆಂಬುದಕ್ಕೂ ದಾಖಲೆಯಿಲ್ಲ. ಸಲಿಂಗಿಗಳು ಬೆದರಿಕೆಗೆ ಮಣಿದು ದೇಶದ ಗುಟ್ಟು ಬಿಟ್ಟುಕೊಡುತ್ತಾರೆ ಎಂಬುದು ಆ ಕಾಲದ ಸರ್ಕಾರಿ ಶಂಕೆಯಾಗಿತ್ತು. ಅವನ ಪರವಾಗಿ ನಿಲ್ಲಲು ಹೊರಟ ಚಿತ್ರವೇ ಆ ಶಂಕೆಗೆ ಸಾಕ್ಷಿ ಹುಟ್ಟಿಸಿಕೊಟ್ಟಿತು. ಕಲ್ಪಿತ ದೃಶ್ಯವನ್ನು ತೂಗುವಾಗ ‘ಇದು ನಡೆದಿತ್ತೇ’ ಎಂದಷ್ಟೇ ಕೇಳಿದರೆ ಸಾಲದು. ಯಾರ ಕೆಲಸ ಯಾರ ಹೆಸರಿಗೆ ಹೋಯಿತು, ಮಾಡದ ತಪ್ಪು ಯಾರ ತಲೆಗೆ ಬಂತು ಎಂದೂ ಕೇಳಬೇಕು.

ಕೊನೆಯಲ್ಲಿ ಪರದೆಯ ಮೇಲೆ ಮೂಡುವ ಬರಹವನ್ನು ನಾವು ಅನುಮಾನಿಸುವುದೇ ಇಲ್ಲ. ಒಂದು ವರ್ಷದ ಕಡ್ಡಾಯ ಹಾರ್ಮೋನ್ ಚಿಕಿತ್ಸೆಯ ಬಳಿಕ 1954ರ ಜೂನ್ 7ರಂದು ಟ್ಯೂರಿಂಗ್ ಆತ್ಮಹತ್ಯೆ ಮಾಡಿಕೊಂಡ ಎಂಬ ಅರ್ಥ ಅಲ್ಲಿದೆ. 1952ರಲ್ಲಿ ಶಿಕ್ಷೆಯಾದದ್ದು ನಿಜ, ಜೈಲಿನ ಬದಲು ಆ ಕ್ರೂರ ಚಿಕಿತ್ಸೆಗೆ ಒಪ್ಪಬೇಕಾಗಿ ಬಂದದ್ದೂ ನಿಜ. ಸಾವು ಆತ್ಮಹತ್ಯೆಯೆಂದೇ ಅಧಿಕೃತ ವಿಚಾರಣೆಯ ತೀರ್ಮಾನವಾಯಿತು. ಆದರೆ ಚಿಕಿತ್ಸೆ ನಿಂತದ್ದು 1953ರ ಏಪ್ರಿಲ್‌ನಲ್ಲಿ. ಅಲ್ಲಿಂದ ಸಾವಿನವರೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲವಿದೆ. ಚಿತ್ರ ಆ ವರ್ಷವನ್ನು ನುಂಗಿ, ಚಿಕಿತ್ಸೆಯನ್ನೂ ಸಾವನ್ನೂ ಒಂದೇ ಗಂಟಿನಲ್ಲಿ ಕಟ್ಟಿತು. ಆ ವರ್ಷ ಅವನು ಗ್ರೀಸಿನ ಕಾರ್ಫು ದ್ವೀಪಕ್ಕೆ ರಜೆಯಲ್ಲಿ ಹೋಗಿಬಂದ. ಸೂರ್ಯಕಾಂತಿಯ ಬೀಜಗಳೂ ಫರ್ ಮರದ ಕಾಯಿಯ ಹುರುಪೆಗಳೂ ಯಾಕೆ ಸುರುಳಿ ಸುರುಳಿಯಾಗಿ ಕೂರುತ್ತವೆ ಎಂಬ ಲೆಕ್ಕ ಇನ್ನೂ ಅವನ ಕೈಯಲ್ಲಿತ್ತು, ಅರ್ಧ ಮುಗಿದು.