36ಕ್ಕೆ ಕ್ಲಿನಿಕ್ ಬೋರ್ಡ್, 60ಕ್ಕೆ ಎಷ್ಟು ಉಳಿತಾಯ? ಡಾಕ್ಟರ್‌ಗಳ ತಡದ ಲೆಕ್ಕ

ಆಸ್ಪತ್ರೆ ರಸ್ತೆಯಲ್ಲಿ ಹೊಸ ಕ್ಲಿನಿಕ್ ಬೋರ್ಡ್ ಬಿದ್ದರೆ ಪಕ್ಕದ ಅಂಗಡಿಯವರ ಬಾಯಲ್ಲಿ ಬರೋದು ಒಂದೇ ಮಾತು, "ಡಾಕ್ಟ್ರಿಗೇನು ಬಿಡಪ್ಪ, ದುಡ್ಡಿಗೇನು ಕಮ್ಮಿ?" ದಿನದ ಗಲ್ಲಾ ನೋಡಿದರೆ ಆ ಮಾತು ಸುಳ್ಳೇನಲ್ಲ. ಆದರೆ ಆ ಡಾಕ್ಟರ್ ಮೊದಲ ಸಲ ಕೈತುಂಬ ದುಡಿದಿದ್ದು ಯಾವ ವಯಸ್ಸಿಗೆ ಅಂತ ಯಾರೂ ಕೇಳಲ್ಲ.

ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಪಿಜಿ ಸೀಟಿಗೆ ಒಂದೆರಡು ಸಲ ನೀಟ್ ಬರೆದರೆ ಅದು ಬೇರೆ. ಎಂಡಿ ಅಥವಾ ಎಂಎಸ್ ಮೂರು ವರ್ಷ, ಹೃದಯ ಅಥವಾ ಕಿಡ್ನಿ ತಜ್ಞ ಆಗಬೇಕಂದರೆ ಮತ್ತೆ ಮೂರು ವರ್ಷ. ಆಮೇಲೆ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಒಂದಷ್ಟು ಕಾಲ ಕೆಲಸ, ಸಾಲ ಮಾಡಿ ಸ್ವಂತ ಕ್ಲಿನಿಕ್. ಇಷ್ಟು ಮುಗಿಯುವಾಗ ವಯಸ್ಸು 34, 36. ಜೊತೆಗೆ ಪಿಯುಸಿ ಓದಿದವನು ಮೊಬೈಲ್ ಅಂಗಡಿ ಹಾಕಿ ಅಷ್ಟೊತ್ತಿಗೆ ಹನ್ನೆರಡು ವರ್ಷ ಆಗಿರುತ್ತೆ.

ಈ ಹನ್ನೆರಡು ವರ್ಷದ ಬೆಲೆ ಎಷ್ಟು? ಮೊಬೈಲ್ ಅಂಗಡಿಯವನು 24ನೇ ವಯಸ್ಸಿಂದ ತಿಂಗಳಿಗೆ 10,000 ರೂಪಾಯಿ ಕಟ್ಟುತ್ತಾ ಹೋದ, ವರ್ಷಕ್ಕೆ ಶೇ.10ರಂತೆ ಬೆಳೀತು ಅಂದುಕೊಳ್ಳಿ. 60ಕ್ಕೆ ಅವನ ಹತ್ತಿರ ಸುಮಾರು 4.2 ಕೋಟಿ ಇರುತ್ತೆ. ಅದೇ 10,000ವನ್ನು ಡಾಕ್ಟರ್ 36ಕ್ಕೆ ಶುರು ಮಾಡಿದರೆ 60ಕ್ಕೆ ಸಿಗೋದು 1.2 ಕೋಟಿಗಿಂತ ಸ್ವಲ್ಪ ಕಡಿಮೆ. ಸ್ನೇಹಿತನ ಸಮಕ್ಕೆ ಬರಬೇಕಂದರೆ ಡಾಕ್ಟರ್ ತಿಂಗಳಿಗೆ 35,000ಕ್ಕೂ ಮೇಲೆ ಕಟ್ಟಬೇಕು. ಅಂಗಡಿಯವನು ಕೈಯಿಂದ ಹಾಕಿದ್ದು ಒಟ್ಟು 43 ಲಕ್ಷ, ಡಾಕ್ಟರ್ ಹಾಕಬೇಕಾದ್ದು ಒಂದು ಕೋಟಿ. ಬಡ್ಡಿ ಮೇಲೆ ಬಡ್ಡಿ ಬೆಳೆಯೋದು ಕೊನೆಯ ವರ್ಷಗಳಲ್ಲಿ. ಮೊದಲ ಹಣಕ್ಕೆ ಆ ಕೊನೆಯ ವರ್ಷಗಳು ಜಾಸ್ತಿ ಸಿಗುತ್ತವೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಾಗಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಕೂರುವ ಎಷ್ಟೋ ತಜ್ಞರು ಅಲ್ಲಿನ ನೌಕರರಲ್ಲ, 'ಕನ್ಸಲ್ಟೆಂಟ್'. ಅವರಿಗೆ ಸಂಬಳ ಇಲ್ಲ, ಫೀಸು. ಶೇ.10 ಟಿಡಿಎಸ್ ಹಿಡಿದು ಉಳಿದದ್ದು ಅಕೌಂಟಿಗೆ ಬರುತ್ತೆ. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಅದೇ ಆಸ್ಪತ್ರೆಯ ನರ್ಸ್‌ಗೆ ಪಿಎಫ್ ಕಟ್ಟಿದರೂ ಡಾಕ್ಟರಿಗೆ ಕಟ್ಟುವವರು ಯಾರೂ ಇರಲ್ಲ. ಸ್ವಂತ ಕ್ಲಿನಿಕ್ ಅಂದರೆ ಅಂಗಡಿಯವರ ಕಥೆಯೇ, ತಾನೇ ಎತ್ತಿಟ್ಟರೆ ಉಂಟು.

ಹಾಗಾದರೆ ಎಷ್ಟು ಬೇಕು? 36 ವರ್ಷದ ಒಬ್ಬ ಮಕ್ಕಳ ಡಾಕ್ಟರ್ ಅಂದುಕೊಳ್ಳೋಣ. ಬಾಡಿಗೆ, ಸಿಬ್ಬಂದಿ, ತೆರಿಗೆ ಎಲ್ಲ ಕಳೆದು ಮನೆಗೆ ತಿಂಗಳಿಗೆ 1.6 ಲಕ್ಷ ಬರುತ್ತೆ. ಮನೆ ಖರ್ಚು 60,000. ಬೆಲೆಗಳು ವರ್ಷಕ್ಕೆ ಶೇ.6 ಏರಿದರೆ ಇದೇ ಮನೆಯನ್ನು 60ನೇ ವಯಸ್ಸಲ್ಲಿ ನಡೆಸೋಕೆ ತಿಂಗಳಿಗೆ 2.4 ಲಕ್ಷ ಬೇಕು. ಆಮೇಲೆ 25-30 ವರ್ಷ ಸಾಗಬೇಕಂದರೆ ಆಗಿನ ವರ್ಷದ ಖರ್ಚಿನ 25 ಪಟ್ಟು ಕೈಯಲ್ಲಿರಬೇಕು ಅನ್ನೋದು ಚಾಲ್ತಿಯಲ್ಲಿರುವ ಅಂದಾಜು. ಅಂದರೆ ಸುಮಾರು 7.3 ಕೋಟಿ. ಕೇಳಿದರೆ ಎದೆ ಧಸಕ್ ಅನ್ನುತ್ತೆ. ತಿಂಗಳ ಕಂತಿಗೆ ಇಳಿಸಿದರೆ ಇವತ್ತಿಂದಲೇ 61,000. ಇದು ಶೇ.10 ಬೆಳವಣಿಗೆ ಹಿಡಿದ ಲೆಕ್ಕ, ಅದಕ್ಕೆ ಯಾರ ಗ್ಯಾರಂಟಿಯೂ ಇಲ್ಲ. ಶೇ.8 ಮಾತ್ರ ಸಿಕ್ಕರೆ ಕಂತು 84,000ಕ್ಕೆ ಹೋಗುತ್ತೆ.

ಕ್ಲಿನಿಕ್ ಉಪಕರಣಕ್ಕೆ ತಂದ ಸಾಲ ಇನ್ನೂ 6 ಲಕ್ಷ ಇದೆ, ಬಡ್ಡಿ ಶೇ.12.5 ಅನ್ನಿ. ತಡವಾಯ್ತು ಅನ್ನೋ ಗಾಬರಿಯಲ್ಲಿ ಎಷ್ಟೋ ಜನ ಎಡವೋದು ಇಲ್ಲೇ. ಸಾಲ ಹಾಗೇ ಬಿಟ್ಟು ಎಲ್ಲ ಹಣವನ್ನೂ ಮ್ಯೂಚುವಲ್ ಫಂಡಿಗೆ ಹಾಕುತ್ತಾರೆ. ಬರಬಹುದಾದ ಹತ್ತಕ್ಕಾಗಿ ಖಂಡಿತ ಹೋಗುವ ಹನ್ನೆರಡೂವರೆ ಕಟ್ಟಿದ ಹಾಗಾಯ್ತು. ತಿಂಗಳಿಗೆ 55,000 ಸಾಲಕ್ಕೆ, 12,500 ಪಿಪಿಎಫ್‌ಗೆ ಹಾಕಿದರೆ ಸಾಲ ಒಂದೇ ವರ್ಷದಲ್ಲಿ ತೀರುತ್ತೆ. 37ರಿಂದ ಅದೇ 67,000 ಪೂರ್ತಿ ನಿವೃತ್ತಿ ಉಳಿತಾಯಕ್ಕೆ ತಿರುಗಿಸಿದರೆ 60ಕ್ಕೆ ಆ 7.3 ಕೋಟಿಗೇ ಬಂದು ನಿಲ್ಲುತ್ತೆ. ಮನೆ ಸಾಲದ ಬಡ್ಡಿ ಇಷ್ಟಿರಲ್ಲ, ಅದಕ್ಕೆ ಇಷ್ಟು ಅವಸರ ಬೇಕಿಲ್ಲ. ಖರ್ಚು, ಕಂತು ಕಳೆದು ಉಳಿಯೋ ಮೂವತ್ತು ಸಾವಿರ ಚಿಲ್ಲರೆಯಲ್ಲಿ ಟರ್ಮ್ ಇನ್ಶೂರೆನ್ಸ್, ಆರೋಗ್ಯ ವಿಮೆ, ಮಗುವಿನ ಸ್ಕೂಲ್ ಫೀಸು ಆಗಬೇಕು. ಬಿಗಿಯೇ, ಆದರೆ ಆಗದ್ದಲ್ಲ. ಹೊಸ ಕಾರು ಈ ಲೆಕ್ಕದಲ್ಲಿ ಇಲ್ಲ ಅನ್ನೋದನ್ನು ಗಮನಿಸಿ.

ಪಿಪಿಎಫ್ ಅನ್ನು ಪೋಸ್ಟಾಫೀಸಲ್ಲೂ ತೆರೆಯಬಹುದು. ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ, 15 ವರ್ಷದ ಅವಧಿ, ಆಮೇಲೆ ಐದೈದು ವರ್ಷ ಮುಂದುವರಿಸಬಹುದು. 2020ರಲ್ಲಿ ಬಡ್ಡಿ ಶೇ.7.1ಕ್ಕೆ ಇಳಿದು ಅಲ್ಲೇ ಉಳಿದಿದೆ. ಅದೊಂದನ್ನೇ ನಂಬಿದರೆ 7.3 ಕೋಟಿ ಮುಟ್ಟಲ್ಲ. ಆದರೆ ಆಸ್ಪತ್ರೆ ಸಾಲ ಕೈಕೊಟ್ಟು ಕೇಸ್ ಆದರೂ ಪಿಪಿಎಫ್ ಹಣವನ್ನು ಸಾಲದ ಡಿಕ್ರಿಗೆ ಕೋರ್ಟ್ ಜಪ್ತಿ ಮಾಡೋ ಹಾಗಿಲ್ಲ. ಸ್ವಂತ ಉದ್ಯೋಗದವರಿಗೆ ಇದು ದೊಡ್ಡ ಮಾತು. ತಿಂಗಳ 5ನೇ ತಾರೀಕಿನೊಳಗೆ ಕಟ್ಟಿದರೆ ಮಾತ್ರ ಆ ತಿಂಗಳ ಬಡ್ಡಿ. 6ಕ್ಕೆ ಕಟ್ಟಿದರೆ ಹೋಯ್ತು.

ಉಳಿದ ದೊಡ್ಡ ಪಾಲು ಇಂಡೆಕ್ಸ್ ಫಂಡ್, ಎನ್‌ಪಿಎಸ್ ಕಡೆ ಹೋಗಬೇಕಾಗುತ್ತೆ. ಎನ್‌ಪಿಎಸ್‌ಗೆ ಡಾಕ್ಟರೂ ಸೇರಬಹುದು, ಕಿರಾಣಿ ಅಂಗಡಿಯವರೂ ಸೇರಬಹುದು. ಬೇಕೆಂದಾಗ ಪೂರ್ತಿ ತೆಗೆಯೋಕೆ ಬಿಡಲ್ಲ. ಕೈಗೆ ಸಿಕ್ಕ ಹಣ ಸೈಟಿಗೆ ಓಡುವ ಮನೆಯಲ್ಲಿ ಈ ಬೀಗ ಒಳ್ಳೆಯದೇ.

"ಡಾಕ್ಟರಿಗೆಲ್ಲಿ ರಿಟೈರ್ಮೆಂಟು, 75ರವರೆಗೂ ಕೂರ್ತಾರೆ" ಅಂತಾರೆ. ಅದರಲ್ಲಿ ನಿಜ ಇದೆ. 65ರವರೆಗೆ ದುಡಿಯೋದಾದರೆ ಕಂತು 61,000ದಿಂದ 48,000ಕ್ಕೆ ಇಳಿಯುತ್ತೆ. ಆದರೆ ಆಪರೇಷನ್ ಮಾಡೋ ಕೈ ನಡುಗಿದರೆ ಅಲ್ಲಿಗೆ ಮುಗೀತು. ಹೊಸ ಡಾಕ್ಟರ್ ಎದುರಿಗೇ ಬೋರ್ಡ್ ಹಾಕಿದರೆ ರೋಗಿಗಳೂ ಅರ್ಧ ಆಗ್ತಾರೆ. ಕ್ಲಿನಿಕ್ಕನ್ನೇ ಆಸ್ತಿ ಅಂತ ಲೆಕ್ಕ ಹಾಕೋದು ಇನ್ನೂ ಅಪಾಯ. ಕಟ್ಟಡ ಸ್ವಂತದ್ದಾದರೆ ಬಾಡಿಗೆ ಬಂದೀತು. ಆದರೆ ಜನ ಬರ್ತಾ ಇದ್ದಿದ್ದು ಡಾಕ್ಟರ್ ಹೆಸರಿಗೆ, ಅವರು ಎದ್ದುಹೋದ ಮೇಲೆ ಉಳಿಯೋದು ಮೇಜು, ಕುರ್ಚಿ, ಹಳೇ ಮೆಷಿನ್ನು.

ಹಿಂದೆ ಬಿದ್ದಿದ್ದೇವಾ ಇಲ್ಲವಾ ಅಂತ ತಿಳಿಯೋಕೆ ವರ್ಷಕ್ಕೊಮ್ಮೆ ಒಂದು ಭಾಗಾಕಾರ ಸಾಕು. ವಾಸದ ಮನೆ, ಕ್ಲಿನಿಕ್, ಹಾಕಿಕೊಳ್ಳೋ ಒಡವೆ ಬಿಟ್ಟು ಉಳಿದ ಉಳಿತಾಯವನ್ನು ಆ ವರ್ಷದ ಮನೆ ಖರ್ಚಿಂದ ಭಾಗಿಸಿ. ಮೇಲಿನ ಡಾಕ್ಟರ್ ಹಾದಿ ತಪ್ಪದಿದ್ದರೆ 45ಕ್ಕೆ ಈ ಸಂಖ್ಯೆ 8ರ ಆಸುಪಾಸು ಇರಬೇಕು. 4 ಬಂದರೆ ಕಂತು ಏರಿಸಬೇಕು, ಇಲ್ಲವೇ 60 ಅನ್ನೋದನ್ನು 65 ಮಾಡಬೇಕು.

ಮಾರ್ಚ್ ತಿಂಗಳಲ್ಲಿ ತೆರಿಗೆ ಉಳಿಸೋಕೆ ಅಂತ ಹಣ ವಾಪಸ್ ಬರುವ ಪಾಲಿಸಿ ಮಾಡಿಸೋರಿಗೆ ಒಂದು ಮಾತು. ಈಗ ತಾನಾಗಿಯೇ ಅನ್ವಯಿಸೋ ಹೊಸ ತೆರಿಗೆ ಪದ್ಧತಿಯಲ್ಲಿ 80ಸಿ ವಿನಾಯಿತಿ ಇಲ್ಲ. ಪ್ರೀಮಿಯಂ ಕಟ್ಟುವ ಮೊದಲು ತಾವು ಯಾವ ಪದ್ಧತಿಯಲ್ಲಿದ್ದೀವಿ ಅಂತ ಆಡಿಟರ್ ಹತ್ತಿರ ಕೇಳಿಕೊಳ್ಳಬೇಕು.