ಸ್ಕ್ರೀನ್‌ನಲ್ಲಿ 24, ರ್ಯಾಕ್‌ನಲ್ಲಿ ಸೊನ್ನೆ

ತುಮಕೂರು ರಸ್ತೆಯಲ್ಲಿ ನೆಲಮಂಗಲದಿಂದ ದಾಬಸ್‌ಪೇಟೆ ಕಡೆಗೆ ಹೊರಟರೆ ದೊಡ್ಡ ದೊಡ್ಡ ಗೋಡೌನ್‌ಗಳು ಸಾಲಾಗಿ ಸಿಗುತ್ತವೆ. ಹೊಸಕೋಟೆ ಕಡೆಯೂ ಅಷ್ಟೇ. ಅಲ್ಲಿ ಕೆಲಸಕ್ಕೆ ಸೇರುವವರು ಹ್ಯಾಂಡ್ ಪ್ಯಾಲೆಟ್ ಎಳೆಯುವುದನ್ನೂ ಸ್ಕ್ಯಾನರ್ ಒತ್ತುವುದನ್ನೂ ಬೇಗ ಕಲಿತುಬಿಡುತ್ತಾರೆ. ತಲೆಗೆ ಹತ್ತದೆ ಉಳಿಯುವುದು ಸೂಪರ್‌ವೈಸರ್ ಬಾಯಲ್ಲಿ ದಿನವಿಡೀ ಓಡಾಡುವ ಐದು ಮಾತುಗಳು: ಎಸ್‌ಕೆಯು, ಲೀಡ್ ಟೈಮ್, ಸ್ಟಾಕ್‌ಔಟ್, ಬ್ಯಾಕ್‌ಆರ್ಡರ್, ಲಾಟ್. ಇವನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಿದರೆ ಮಾರನೇ ದಿನಕ್ಕೇ ಮರೆತುಹೋಗುತ್ತವೆ. ಒಂದೇ ಸರಕನ್ನು ಹಿಡಿದು, ಅದು ಗೋಡೌನ್‌ಗೆ ಬಂದು ಹೋಗುವವರೆಗೆ ಅದರ ಹಿಂದೆಯೇ ನಡೆದರೆ ಐದೂ ದಾರಿಯಲ್ಲೇ ಸಿಗುತ್ತವೆ. ಸರಕು ತೆಂಗಿನೆಣ್ಣೆ ಎಂದಿಟ್ಟುಕೊಳ್ಳೋಣ. ಲೆಕ್ಕ ಕಲ್ಪನೆಯದು; ಆಗುವ ಎಡವಟ್ಟು ಮಾತ್ರ ಯಾವ ಗೋಡೌನ್‌ನಲ್ಲೂ ಆಗುವಂಥದ್ದೇ.

ಎಣ್ಣೆ ಒಂದೇ, ಕಂಪನಿಯೂ ಒಂದೇ. ಎಸ್‌ಕೆಯು ಮಾತ್ರ ಯಾಕೆ ಬೇರೆ ಬೇರೆ?

ಗೋಡೌನ್ ಎಣ್ಣೆಯನ್ನು ಎಣಿಸುವುದಿಲ್ಲ, ಪ್ಯಾಕನ್ನು ಎಣಿಸುತ್ತದೆ. ಅರ್ಧ ಲೀಟರ್ ಬಾಟಲಿ ಒಂದು ಎಸ್‌ಕೆಯು, ಅರ್ಧ ಲೀಟರ್ ಪೌಚ್ ಇನ್ನೊಂದು, ಒಂದು ಲೀಟರ್ ಬಾಟಲಿ ಮತ್ತೊಂದು. ಅಂಗಡಿಯವನು ಬಾಟಲಿ ಕೇಳಿದಾಗ ಪೌಚ್ ಕಳಿಸಿದರೆ ಅವನು ವಾಪಸ್ ಕಳಿಸುತ್ತಾನೆ. ಒಂದರ ಬದಲು ಇನ್ನೊಂದು ಕೊಡಲಾಗದು ಅನ್ನುವಲ್ಲೆಲ್ಲ ಎಸ್‌ಕೆಯು ಬೇರೆಯಾಗುತ್ತದೆ. ಈ ಕೋಡನ್ನು ಕಂಪನಿ ತನ್ನ ಅನುಕೂಲಕ್ಕೆ ತಾನೇ ಇಟ್ಟುಕೊಳ್ಳುತ್ತದೆ. ಸ್ಕ್ರೀನ್‌ನಲ್ಲಿ ಅದು ಹೀಗಿರಬಹುದು:

```
CNO-500-BTL
CNO-500-PCH
```

ಮೊದಲನೆಯದು ಬಾಟಲಿ, ಎರಡನೆಯದು ಪೌಚ್. ಕಾರ್ಟನ್ ಬಣ್ಣ ಒಂದೇ, ಮೇಲಿನ ತೆಂಗಿನಮರದ ಚಿತ್ರವೂ ಒಂದೇ. ಬದಿಗೆ ಅಂಟಿಸಿದ ಚೀಟಿ ಓದದೆ ಚಿತ್ರ ನೋಡಿ ಎತ್ತಿಟ್ಟರೆ ಇಲ್ಲೇ ಎಡವಟ್ಟಾಗುತ್ತದೆ. ಆಫರ್ ಪ್ಯಾಕ್ ಬಂದಾಗ ಇನ್ನೂ ಫಜೀತಿ. ‘100 ಮಿಲಿ ಉಚಿತ’ ಎಂದು ಬರೆದ ಬಾಟಲಿಗೆ ಸಾಮಾನ್ಯವಾಗಿ ಬೇರೆಯೇ ಎಸ್‌ಕೆಯು ಕೊಟ್ಟಿರುತ್ತಾರೆ. ಎಂಆರ್‌ಪಿ ಏರಿದಾಗಲೂ ಹಳೇ ಬೆಲೆಯ ಮಾಲು, ಹೊಸ ಬೆಲೆಯ ಮಾಲು ಎಂದು ಬೇರೆ ಬೇರೆ ಇಡಿಸುವ ಗೋಡೌನ್‌ಗಳಿವೆ.

ಹಾಗಾದರೆ ಬಾರ್‌ಕೋಡ್ ಅಂದರೂ ಅದೇನಾ?

ಅಲ್ಲ. ಪ್ಯಾಕ್ ಮೇಲಿನ 13 ಅಂಕಿಯ ಬಾರ್‌ಕೋಡ್ ತಯಾರಕರು ಹಾಕಿದ್ದು. ಯಾವ ಅಂಗಡಿಗೆ ಹೋದರೂ ಅದೇ ಇರುತ್ತದೆ. ಎಸ್‌ಕೆಯು ನಿಮ್ಮ ಗೋಡೌನ್‌ನ ಮನೆಮಾತು. ಸ್ಕ್ಯಾನ್ ಮಾಡಿದಾಗ ಸಾಫ್ಟ್‌ವೇರ್ ಬಾರ್‌ಕೋಡ್ ಓದಿ ಅದಕ್ಕೆ ಹೊಂದುವ ಎಸ್‌ಕೆಯು ಹುಡುಕುತ್ತದೆ. ಒಂದು ಕಾರ್ಟನ್ ಸ್ಕ್ಯಾನ್ ಮಾಡಿ, ‘ಉಳಿದವೂ ಇದೇ’ ಎಂದು ಸಂಖ್ಯೆ ಒತ್ತಿದರೆ ಸಾಫ್ಟ್‌ವೇರ್ ಮರುಮಾತಾಡದೆ ನಂಬುತ್ತದೆ. ನಮ್ಮ ಕಥೆ ಶುರುವಾಗುವುದೂ ಅಲ್ಲಿಂದಲೇ. ಇನ್‌ವರ್ಡ್‌ನಲ್ಲಿ ಇಳಿದ 24 ಕಾರ್ಟನ್ ಪೌಚ್‌ಗಳು ಬಾಟಲಿಯ ಲೆಕ್ಕಕ್ಕೆ ಸೇರಿ, ಬಾಟಲಿಯ ಜಾಗದಲ್ಲೇ ಹಿಂದಿನ ಸಾಲಿಗೆ ಹೋಗಿ ಕೂತವು. ಅವತ್ತು ಯಾರಿಗೂ ಏನೂ ತೊಂದರೆಯಾಗಲಿಲ್ಲ.

ಲೀಡ್ ಟೈಮ್ ಅಂದರೆ ಲಾರಿ ಬರುವುದಕ್ಕೆ ಹಿಡಿಯುವ ಸಮಯ ತಾನೇ?

ಹೊಸಬರು ಹೆಚ್ಚಾಗಿ ಹಾಗೇ ತಿಳಿದಿರುತ್ತಾರೆ. ಲಾರಿಯ ಪ್ರಯಾಣ ಅದರಲ್ಲಿ ಒಂದು ತುಂಡು ಅಷ್ಟೇ. ಮಾಲು ಬೇಕು ಎಂದು ತೀರ್ಮಾನವಾದ ಗಳಿಗೆಯಿಂದ ಅದು ರ್ಯಾಕ್ ಸೇರಿ ಪಿಕ್ಕಿಂಗ್‌ಗೆ ಸಿದ್ಧವಾಗುವವರೆಗಿನ ಒಟ್ಟು ಕಾಲ ಲೀಡ್ ಟೈಮ್. ನಮ್ಮ ಎಣ್ಣೆಗೆ ಆರ್ಡರ್ ಕಳಿಸಲು ಒಂದು ದಿನ, ಕಾರ್ಖಾನೆಯಲ್ಲಿ ಮಾಲು ಹೊಂದಿಸಲು ಎರಡು ದಿನ, ದಾರಿಯಲ್ಲಿ ಎರಡು ದಿನ, ಇಳಿಸಿ ಎಣಿಸಿ ರ್ಯಾಕ್‌ಗೆ ಏರಿಸಲು ಒಂದು ದಿನ. ರಜೆ ಬಿಟ್ಟು ಒಟ್ಟು ಆರು ದಿನ.

ಕೊನೆಯ ಆ ಒಂದು ದಿನ ಗೋಡೌನ್ ಕೆಲಸದವರ ಕೈಯಲ್ಲಿದೆ. ಲಾರಿ ಗೇಟಿಗೆ ಬಂದಿದೆ, ಮಾಲು ಕಣ್ಣಿಗೆ ಕಾಣುತ್ತಿದೆ. ಆದರೂ ಎಣಿಕೆ ಮುಗಿದು ಜಿಆರ್‌ಎನ್ ಆಗಿ, ಜಾಗದ ನಂಬರಿನ ಸಮೇತ ಸ್ಕ್ಯಾನ್ ಆಗುವವರೆಗೆ ಅದು ಪಿಕ್ ಲಿಸ್ಟ್‌ಗೆ ಬರುವುದಿಲ್ಲ. ಡಾಕ್‌ನಲ್ಲಿ ರಾಶಿ ಬಿದ್ದಿರುವ ಸರಕಿಗೇ ‘ಸ್ಟಾಕ್ ಇಲ್ಲ’ ಅನ್ನುವ ಪರಿಸ್ಥಿತಿ ಬರುವುದು ಹೀಗೆ.

ಮಾಲು ಇನ್ನೂ ಇರುವಾಗಲೇ ಆಫೀಸಿನವರು ಯಾಕೆ ಆರ್ಡರ್ ಹಾಕುತ್ತಾರೆ?

ಮಾಲು ಮುಗಿದ ಮೇಲೆ ಹಾಕಿದರೆ ಆರು ದಿನ ಕೈಕಟ್ಟಿ ಕೂರಬೇಕಲ್ಲ! ಬಾಟಲಿ ದಿನಕ್ಕೆ 40 ಕಾರ್ಟನ್ ಹೋಗುತ್ತದೆ ಎಂದರೆ ಆರು ದಿನಕ್ಕೆ 240 ಬೇಕು. ಲಾರಿ ತಡವಾದರೆ, ಬೇಡಿಕೆ ಏರಿದರೆ ಎಂದು ಇನ್ನೊಂದು 60 ಕಾರ್ಟನ್ ಕೈಯಲ್ಲಿಟ್ಟುಕೊಳ್ಳುತ್ತಾರೆ. ಇದಕ್ಕೆ ಸೇಫ್ಟಿ ಸ್ಟಾಕ್ ಎನ್ನುತ್ತಾರೆ. ಎರಡೂ ಸೇರಿ 300. ಸ್ಕ್ರೀನ್‌ನಲ್ಲಿ 300 ಕಂಡ ದಿನವೇ ಆರ್ಡರ್ ಹೋಗಬೇಕು.

ಈ ಲೆಕ್ಕ ನಿಂತಿರುವುದು ಸರಾಸರಿಯ ಮೇಲೆ. ಗೌರಿ-ಗಣೇಶ, ದೀಪಾವಳಿ ಹತ್ತಿರವಾದಾಗ ದಿನಕ್ಕೆ 40 ಅನ್ನುವ ಅಂಕಿ ಉಳಿಯುವುದಿಲ್ಲ. ಹಳೇ ಸರಾಸರಿಯನ್ನೇ ನಂಬಿ ಕೂತರೆ ಹಬ್ಬದ ಹೊತ್ತಿಗೆ ರ್ಯಾಕ್ ಖಾಲಿ. ಇದು ಆಫೀಸಿನವರು ನೋಡಿಕೊಳ್ಳಬೇಕಾದ ವಿಷಯ. ಆದರೆ ಆ 300 ನಿಜವಾಗಿಯೂ 300 ಹೌದೇ ಅನ್ನುವುದು ರ್ಯಾಕ್ ಮುಂದೆ ನಿಂತವರಿಗೆ ಸೇರಿದ್ದು.

ಸ್ಟಾಕ್‌ಔಟ್ ಆಗುವುದು ಯಾವಾಗ?

ಸ್ಕ್ರೀನ್ 300 ಎಂದ ದಿನ ರ್ಯಾಕ್‌ನಲ್ಲಿ ನಿಜವಾಗಿ ಇದ್ದ ಬಾಟಲಿ ಕಾರ್ಟನ್ 276. ಉಳಿದ 24 ಪೌಚ್ ಎಂದು ನಿಮಗೆ ಗೊತ್ತು, ಸಾಫ್ಟ್‌ವೇರ್‌ಗೆ ಗೊತ್ತಿಲ್ಲ. ಆರು ದಿನದಲ್ಲಿ 240 ಹೋಯಿತು. ಸ್ಕ್ರೀನ್‌ನಲ್ಲಿ 60, ರ್ಯಾಕ್‌ನಲ್ಲಿ 36. ಲಾರಿ ಒಂದು ದಿನ ತಡವಾಗಿ, ಆರನೇ ದಿನ ಸಂಜೆ ಬಂದು ನಿಂತಿತು. ಲೆಕ್ಕ ಸರಿಯಿದ್ದಿದ್ದರೆ ಇದರಿಂದ ಏನೂ ಆಗುತ್ತಿರಲಿಲ್ಲ. ಏಳನೇ ದಿನದ 40 ಕಾರ್ಟನ್ ಕೊಟ್ಟು 20 ಉಳಿಯುತ್ತಿತ್ತು.

ಈಗ ಏಳನೇ ದಿನ 36 ಎತ್ತಿದ ಮೇಲೆ ಪಿಕ್ಕಿಂಗ್ ಹುಡುಗನ ಕೈಗೆ ಪೌಚ್ ಸಿಕ್ಕಿತು. ನಾಲ್ಕು ಕಾರ್ಟನ್ ಕಡಿಮೆ. ಸ್ಕ್ರೀನ್ ಮಾತ್ರ ಇನ್ನೂ 24 ಇದೆ ಅನ್ನುತ್ತಿದೆ. ಸ್ಟಾಕ್‌ಔಟ್ ಅಂದರೆ ಇದೇ: ಗಿರಾಕಿ ಕೇಳಿದಾಗ ಕೊಡಲು ಆ ಎಸ್‌ಕೆಯು ಇಲ್ಲದಿರುವುದು. ಗೋಡೌನ್ ಪೂರ್ತಿ ಬರಿದಾಗಬೇಕಿಲ್ಲ. ಪಕ್ಕದಲ್ಲೇ ಒಂದು ಲೀಟರ್ ಬಾಟಲಿ ರಾಶಿ ಇದ್ದರೂ ಅರ್ಧ ಲೀಟರಿನ ಸ್ಟಾಕ್‌ಔಟ್ ಸ್ಟಾಕ್‌ಔಟೇ.

ಹೀಗೆ ಸ್ಕ್ರೀನ್‌ನಲ್ಲಷ್ಟೇ ಇರುವ ಮಾಲು ಖಾಲಿ ರ್ಯಾಕ್‌ಗಿಂತ ಹೆಚ್ಚು ಕಾಟ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಸೊನ್ನೆ ಎಂದು ತೋರಿಸಿದರೆ ಸೇಲ್ಸ್‌ನವರು ಸುಮ್ಮನಿರುತ್ತಾರೆ. 24 ಎಂದು ತೋರಿಸಿದರೆ ಅಷ್ಟನ್ನೂ ಯಾರಿಗೋ ಮಾತು ಕೊಟ್ಟುಬಿಡುತ್ತಾರೆ. ಅದಕ್ಕೇ ಮಾಲು ಸಿಗದಿದ್ದಾಗ ಪಿಕ್ಕಿಂಗ್ ಮಾಡುವವರು ಸ್ಕ್ಯಾನರ್‌ನಲ್ಲಿ ‘ಶಾರ್ಟ್’ ಎಂದು ಒತ್ತಿ ಸೂಪರ್‌ವೈಸರ್‌ಗೆ ಹೇಳಬೇಕು. ‘ನಾಳೆ ಹೇಗೂ ಬರುತ್ತದೆ’ ಎಂದು ಪೌಚನ್ನೇ ತುಂಬಿ ಕಳಿಸಿದರೆ ಒಂದು ತಪ್ಪು ಎರಡಾಗುತ್ತದೆ. ಬಾಟಲಿ ಸ್ಲಾಟನ್ನು ಅಲ್ಲೇ ನಿಂತು ಎಣಿಸಿದರೆ 24 ಪೌಚ್ ಹೊರಬರುತ್ತವೆ. ಬಾಟಲಿಯ ಲೆಕ್ಕದಲ್ಲಿ ಅಷ್ಟು ಇಳಿಸಿ, ಪೌಚ್ ಲೆಕ್ಕಕ್ಕೆ ಏರಿಸಿದರೆ ಎರಡೂ ಎಸ್‌ಕೆಯು ಒಟ್ಟಿಗೆ ಸರಿಹೋಗುತ್ತವೆ.

ಕೊಡಲಾಗದ ಆರ್ಡರ್ ಕ್ಯಾನ್ಸಲ್ ಆದಂತೆಯೇ?

ಗಿರಾಕಿ ಕಾಯುತ್ತೇನೆ ಎಂದರೆ ಇಲ್ಲ. ಆ ಸಾಲು ಆರ್ಡರ್‌ನಲ್ಲಿ ಬಾಕಿ ಉಳಿಯುತ್ತದೆ, ಅದೇ ಬ್ಯಾಕ್‌ಆರ್ಡರ್. ಎಲ್ಲರೂ ಕಾಯುವುದಿಲ್ಲ. ಕಿರಾಣಿ ಅಂಗಡಿಯವರು ಇನ್ನೊಬ್ಬ ಡೀಲರ್‌ಗೆ ಫೋನ್ ಮಾಡಿ ಸಂಜೆಯೊಳಗೆ ತರಿಸಿಕೊಂಡುಬಿಡಬಹುದು. ಆಗ ಅದು ಬ್ಯಾಕ್‌ಆರ್ಡರ್ ಅಲ್ಲ, ಕಳೆದುಹೋದ ವ್ಯಾಪಾರ.

ನಮ್ಮ ಲೆಕ್ಕದಲ್ಲಿ ಎಲ್ಲರೂ ಕಾದರು ಎಂದುಕೊಳ್ಳಿ. ಏಳನೇ ದಿನದ್ದು ನಾಲ್ಕು ಬಾಕಿ. ಡಾಕ್‌ನಲ್ಲಿ ಬೇರೆ ಎರಡು ಗಾಡಿ ನಿಂತಿದ್ದರಿಂದ ಎಣ್ಣೆ ಲಾರಿ ಇಳಿದದ್ದು ಎಂಟನೇ ದಿನ. ಆ ದಿನದ 40 ಪೂರ್ತಿ ಬಾಕಿ. ಒಟ್ಟು 44. ಒಂಬತ್ತನೇ ದಿನ ಬೆಳಿಗ್ಗೆ 400 ಕಾರ್ಟನ್ ಲೆಕ್ಕಕ್ಕೆ ಬಂದಾಗ ಮೊದಲು ಹೋಗಬೇಕಾದ್ದು ಆ 44, ಅದರಲ್ಲೂ ಏಳನೇ ದಿನದ ನಾಲ್ಕು ಮುಂಚೆ. ಹೊಸ ಆರ್ಡರ್‌ಗಳಿಗೆ ಉಳಿಯುವುದು 356. ಡಿಸ್‌ಪ್ಯಾಚ್‌ಗೆ ಹತ್ತಿರವಿರುವ ಹೊಸ ಆರ್ಡರನ್ನು ಮೊದಲು ತುಂಬಿ ಕಳಿಸಿಬಿಟ್ಟರೆ, ಕಾದವನೇ ಮತ್ತೆ ಕಾಯಬೇಕಾಗುತ್ತದೆ.

ಇನ್ನೊಂದು ಸೂಕ್ಷ್ಮ: ಐದು ಸಾಲಿನ ಆರ್ಡರ್‌ನಲ್ಲಿ ನಾಲ್ಕು ಸಾಲು ಹೋಗಿ ಒಂದು ಬಾಕಿ ಉಳಿದರೆ, ಬಿಲ್‌ನಲ್ಲಿ ಇರಬೇಕಾದ್ದು ಆ ನಾಲ್ಕೇ. ಗಾಡಿಯಲ್ಲಿರುವ ಮಾಲು, ಕಾಗದದಲ್ಲಿರುವ ಮಾಲು ತಾಳೆಯಾಗದಿದ್ದರೆ ದಾರಿಯ ತಪಾಸಣೆಯಲ್ಲೂ ಅಂಗಡಿಯ ಬಾಗಿಲಲ್ಲೂ ತಕರಾರು.

ಲಾಟ್ ನಂಬರ್ ನೋಡುವ ಗೋಜು ನಮಗೇಕೆ? ಎಸ್‌ಕೆಯು ಒಂದೇ ಅಲ್ಲವೇ?

ಎಸ್‌ಕೆಯು ಒಂದೇ; ತಯಾರಾದ ಹೊತ್ತು ಬೇರೆ. ಒಂದೇ ಸಲ, ಒಂದೇ ಸ್ಥಿತಿಯಲ್ಲಿ ತಯಾರಾದ ಸರಕಿನ ಗುಂಪು ಒಂದು ಲಾಟ್. ಗೋಡೌನ್‌ಗಳಲ್ಲಿ ಇದನ್ನೇ ಬ್ಯಾಚ್ ಅನ್ನುವುದೂ ಉಂಟು. ಪ್ಯಾಕ್ ಮಾಡಿದ ಆಹಾರದ ಮೇಲೆ ಈ ನಂಬರ್ ಇರಲೇಬೇಕು ಎಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ.

ಹೊಸದಾಗಿ ಬಂದ 400 ಕಾರ್ಟನ್‌ನಲ್ಲಿ 250 ಒಂದು ಲಾಟ್, 150 ಇನ್ನೊಂದು ಎಂದುಕೊಳ್ಳೋಣ. 250ರದ್ದು ಮೊದಲು ಅವಧಿ ಮುಗಿಯುವ ಲಾಟ್. ಮೊದಲು ಹೊರಡಬೇಕಾದ್ದೂ ಅದೇ, ಲಾರಿಯಿಂದ ಅದು ಕೊನೆಗೆ ಇಳಿದಿದ್ದರೂ ಸರಿ. ಹೀಗೆ ಮಾಡದಿದ್ದರೆ ಹಿಂದಿನ ಸಾಲಿನ ಮಾಲು ಅಲ್ಲೇ ಹಳತಾಗುತ್ತದೆ. ಆನ್‌ಲೈನ್ ಮಾರಾಟದಲ್ಲಂತೂ ಗಿರಾಕಿ ಕೈಗೆ ತಲುಪುವಾಗ ಆಹಾರದ ಬಾಳಿಕೆ ಶೇ 30ರಷ್ಟು ಅಥವಾ 45 ದಿನ ಬಾಕಿ ಇರಬೇಕೆಂದು ಪ್ರಾಧಿಕಾರ ಹೇಳಿದೆ. ಅಂದರೆ ಅವಧಿ ಮುಗಿಯುವ ಎಷ್ಟೋ ಮುಂಚೆಯೇ ಆ ಮಾಲು ಮಾರಲು ಬಾರದಂತಾಗಬಹುದು.

ಎರಡು ಲಾಟ್‌ಗಳನ್ನು ಒಂದೇ ಬಿನ್‌ನಲ್ಲಿ ಬೆರೆಸಬಾರದು ಎಂದು ಸೂಪರ್‌ವೈಸರ್ ಗದರುವುದಕ್ಕೆ ಇದೇ ಕಾರಣ. ಬೆರೆಸಿದರೆ ಕೈಗೆ ಯಾವುದು ಸಿಕ್ಕಿತೋ ಅದು ಹೋಗುತ್ತದೆ, ಸ್ಕ್ರೀನ್‌ನಲ್ಲಿ ಇನ್ನೊಂದು ಹೋಗಿರುತ್ತದೆ.

ಕಂಪನಿ ಒಂದು ಲಾಟ್ ವಾಪಸ್ ಕೇಳಿದರೆ?

150ರ ಲಾಟಿನಲ್ಲಿ ಮುಚ್ಚಳದ ಸೀಲ್ ಸರಿಯಿಲ್ಲ ಎಂದು ಕಂಪನಿಯಿಂದ ಮೆಸೇಜ್ ಬಂತು. ಆಹಾರ ಪದಾರ್ಥ ಹಿಂಪಡೆಯಲು 2017ರಿಂದ ಪ್ರತ್ಯೇಕ ನಿಯಮಾವಳಿಯೇ ಇದೆ. ಯಾವ ಲಾಟ್ ಯಾರಿಗೆ ಹೋಯಿತು ಅನ್ನುವ ದಾಖಲೆ ಅದರ ಜೀವಾಳ. ಮಾಲು ಹೋಗುವಾಗ ಲಾಟ್ ನಂಬರನ್ನೂ ಸ್ಕ್ಯಾನ್ ಮಾಡಿದ್ದರೆ ಕೆಲಸ ಹಗುರ. ಆ ನಂಬರನ್ನು ಸಾಫ್ಟ್‌ವೇರ್‌ನಲ್ಲಿ ತಡೆಹಿಡಿದು, ರ್ಯಾಕ್‌ನಲ್ಲಿರುವುದನ್ನು ಬೇರೆ ಜಾಗಕ್ಕೆ ಸಾಗಿಸಿ ‘ಹೋಲ್ಡ್’ ಚೀಟಿ ಹಚ್ಚಿ, ಈಗಾಗಲೇ ಹೋದದ್ದು ಯಾವ ಅಂಗಡಿಗಳಿಗೆ ಎಂಬ ಪಟ್ಟಿ ತೆಗೆದುಕೊಡುವುದು. ಇನ್ನೊಂದು ಲಾಟ್ ಮಾಮೂಲಿಯಂತೆ ಮಾರಾಟವಾಗುತ್ತಿರುತ್ತದೆ.

ಲಾಟ್ ಸ್ಕ್ಯಾನ್ ಮಾಡದೆ ಬರೀ ಎಸ್‌ಕೆಯು ಸ್ಕ್ಯಾನ್ ಮಾಡಿ ಕಳಿಸಿದ್ದರೆ ಯಾವುದು ಎಲ್ಲಿಗೆ ಹೋಯಿತು ಎಂದು ಹೇಳಲು ಆಗುವುದಿಲ್ಲ. ಬ್ಯಾಕ್‌ಆರ್ಡರ್‌ನ 44 ಕಾರ್ಟನ್ ಪಡೆದ ಪ್ರತಿ ಅಂಗಡಿಗೂ ಫೋನ್ ಮಾಡಿ ಕಾರ್ಟನ್ ಚೀಟಿ ಓದಿಸಬೇಕು. ಇಲ್ಲಿ ಉಳಿದ 356 ಕಾರ್ಟನ್‌ಗಳನ್ನೂ ತಡೆದು, ಒಂದೊಂದನ್ನೇ ತಿರುಗಿಸಿ ನಂಬರ್ ನೋಡಬೇಕು. ಅದು ಮುಗಿಯುವವರೆಗೆ ಅರ್ಧ ಲೀಟರ್ ಬಾಟಲಿ ಮತ್ತೆ ಸ್ಟಾಕ್‌ಔಟ್. ಈ ಸಲ ರ್ಯಾಕ್ ತುಂಬ ಮಾಲಿದ್ದೂ.