ಎಣಿಕೆಗೆ ಬಾರದ ಎರಡು ಸಂಖ್ಯೆಗಳು

0, 1, 3, 7, 6, 4, ಮತ್ತೆ 0. ಕ್ಲಾಕಿನ ಒಂದೊಂದು ಬಡಿತಕ್ಕೂ ಹೀಗೆ ಹೆಜ್ಜೆಯಿಡುವ ಕೌಂಟರ್ ಬೇಕು ಎಂದಿಟ್ಟುಕೊಳ್ಳಿ. ಅಡ್ಡಾದಿಡ್ಡಿಯಾಗಿ ಕಾಣುವ ಈ ಎಣಿಕೆಯನ್ನು ದ್ವಿಮಾನದಲ್ಲಿ ಬರೆದರೆ 000, 001, 011, 111, 110, 100 ಆಗುತ್ತದೆ. ಅಂದರೆ ಪ್ರತಿ ಹೆಜ್ಜೆಗೂ ಬದಲಾಗುವುದು ಒಂದೇ ಅಂಕೆ.

ಮೂರು ಅಂಕೆಗಳಿಗೆ ಮೂರು ಟಿ ಫ್ಲಿಪ್-ಫ್ಲಾಪ್ ಸಾಕು. ಎಡದಿಂದ ಅವನ್ನು A, B, C ಎನ್ನೋಣ. T ಗೆ 1 ಕೊಟ್ಟರೆ ಕ್ಲಾಕ್ ಬಂದಾಗ ಫ್ಲಿಪ್-ಫ್ಲಾಪ್ ಮಗುಚಿಕೊಳ್ಳುತ್ತದೆ. 0 ಕೊಟ್ಟರೆ ಇದ್ದಂತೆಯೇ ಇರುತ್ತದೆ. ಹಾಗಾಗಿ ನೋಡಬೇಕಾದ್ದು ಇಷ್ಟೇ: ಯಾವ ಹೆಜ್ಜೆಯಲ್ಲಿ ಯಾವುದು ಮಗುಚಬೇಕು? A ಮಗುಚಬೇಕಾದ್ದು ಎರಡೇ ಕಡೆ: 011 ರಿಂದ 111 ಕ್ಕೆ ಹೋಗುವಾಗ, 100 ರಿಂದ 000 ಕ್ಕೆ ಬರುವಾಗ. ಉಳಿದ ನಾಲ್ಕು ಕಡೆ ಅದರ T ಗೆ 0.

ಮೂರು ಅಂಕೆಗಳಲ್ಲಿ ಎಂಟು ಸ್ಥಿತಿಗಳಿವೆ. ನಮ್ಮ ಎಣಿಕೆ ಆರನ್ನು ಮಾತ್ರ ಮುಟ್ಟುತ್ತದೆ. 010 ಮತ್ತು 101 ಹೊರಗುಳಿಯುತ್ತವೆ. ಅಲ್ಲಿಗೆ ಹೋಗುವುದೇ ಇಲ್ಲವಾದರೆ ಅಲ್ಲಿ T ಎಷ್ಟಿದ್ದರೇನು? ಇವೇ ‘ಡೋಂಟ್ ಕೇರ್’ ಸ್ಥಿತಿಗಳು. ಕಾರ್ನೋ ನಕ್ಷೆಯಲ್ಲಿ ಅಲ್ಲಿ X ಹಾಕಿ, ಅನುಕೂಲ ನೋಡಿ 0 ಅಥವಾ 1 ಎಂದುಕೊಳ್ಳಬಹುದು. ಎರಡನ್ನೂ 1 ಎಂದುಕೊಂಡರೆ ಸಮೀಕರಣಗಳು ಚಿಕ್ಕದಾಗುತ್ತವೆ:

```
TA = A ⊕ B
TB = B ⊕ C
TC = (A ⊕ C)'
```

ನಾಲ್ಕು ಎಕ್ಸ್‌ಆರ್ ಗೇಟುಗಳಿರುವ 7486 ಐಸಿ ಒಂದೇ ಸಾಕು. ನಾಲ್ಕನೆಯ ಗೇಟು TC ಯನ್ನು ತಿರುಗುಮುರುಗು ಮಾಡಲು ಬಳಕೆಯಾಗುತ್ತದೆ.

ಆದರೆ ಕಾಗದದ ಮೇಲೆ ಬಿಟ್ಟ ಸ್ಥಿತಿಯನ್ನು ಸರ್ಕ್ಯೂಟು ಬಿಡುವುದಿಲ್ಲ. ಕರೆಂಟು ಕೊಟ್ಟ ಕೂಡಲೇ ಫ್ಲಿಪ್-ಫ್ಲಾಪುಗಳು ಎಂಟರಲ್ಲಿ ಯಾವ ಸ್ಥಿತಿಯಲ್ಲಾದರೂ ಎದ್ದು ನಿಲ್ಲಬಹುದು. 010 ರಲ್ಲಿ ನಿಂತರೆ ಮೂರೂ T ಗಳು 1 ಆಗಿ, ಮೂರೂ ಅಂಕೆ ಮಗುಚಿ 101 ಬರುತ್ತದೆ. ಅಲ್ಲಿಯೂ ಮೂರೂ 1; ಮತ್ತೆ 010. ಮೂರು ಎಲ್‌ಇಡಿ ಜೋಡಿಸಿದ್ದರೆ ನಡುವಿನದೊಂದು, ಆಮೇಲೆ ಎರಡು ಬದಿಯವು, ಹೀಗೆ ಸರದಿಯಲ್ಲಿ ಉರಿಯುತ್ತಲೇ ಇರುತ್ತವೆ. ಅದು ಕಂಡರೆ ತಂತಿಯಲ್ಲಿ ದೋಷ ಹುಡುಕುವ ಮೊದಲು ವಿನ್ಯಾಸವನ್ನು ನೋಡಿ.

ಪರಿಹಾರಕ್ಕೆ ಒಂದು X ನ ಬೆಲೆ ಬದಲಿಸಿದರೆ ಸಾಕು. 010 ರಲ್ಲಿ TC ಗೆ 0 ಎಂದುಕೊಳ್ಳೋಣ:

```
TC = AC + A'B'C'
```

ಈಗ 010 ರಲ್ಲಿ A, B ಮಾತ್ರ ಮಗುಚಿ 100 ಬರುತ್ತದೆ. ಅದು ಎಣಿಕೆಯ ಸ್ಥಿತಿಯೇ. 101 ಮೊದಲು 010 ಕ್ಕೆ, ಅಲ್ಲಿಂದ 100 ಕ್ಕೆ ಬರುತ್ತದೆ. ಎಲ್ಲಿ ಶುರುವಾದರೂ ಎರಡು ಬಡಿತದೊಳಗೆ ಕೌಂಟರ್ ದಾರಿಗೆ ಬರುತ್ತದೆ. ಇದಕ್ಕೆ ತೆರುವುದು ಒಂದೆರಡು ಹೆಚ್ಚಿನ ಗೇಟು.

ಶುರುವಿನಲ್ಲೇ ರೀಸೆಟ್ ಕೊಟ್ಟು 000 ಕ್ಕೆ ತರಬಹುದು ನಿಜ. ಆದರೆ ನಡುವೆ ವಿದ್ಯುತ್ ಗದ್ದಲದಿಂದ ಒಂದು ಅಂಕೆ ಕೆಟ್ಟರೆ ಆ ರೀಸೆಟ್ ನೆರವಿಗೆ ಬಾರದು. ಆದ್ದರಿಂದ X ಗಳನ್ನು ಬಳಸಿ ಸಮೀಕರಣ ಬರೆದ ಮೇಲೆ, ಬಿಟ್ಟ ಪ್ರತಿಯೊಂದು ಸ್ಥಿತಿಯನ್ನೂ ಅದೇ ಸಮೀಕರಣಕ್ಕೆ ಹಾಕಿ ಮುಂದೆಲ್ಲಿಗೆ ಹೋಗುತ್ತದೆಂದು ನೋಡಿ. ಆ ಪರೀಕ್ಷೆ ಮುಗಿಯುವವರೆಗೆ ವಿನ್ಯಾಸ ಮುಗಿದಿಲ್ಲ.